ಎದುರಿನವನ ಲಕೋಟೆ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಆಸೆಬುರುಕರನ್ನು ತಿದ್ದಲು ಬಳಸುತ್ತೇವೆ. ಕೈಯಲ್ಲಿರುವುದನ್ನು ಬಿಟ್ಟು ಕಣ್ಣಿಗೆ ಕಾಣುವುದರ ಬೆನ್ನು ಹತ್ತುವುದು ಮನಸ್ಸಿನ ಚಾಪಲ್ಯವೇ ಹೊರತು ವಿವೇಕವಲ್ಲ ಎಂಬುದು ಹಿರಿಯರ ಅಭಿಪ್ರಾಯ. ಆದರೆ ಈ ಚಾಪಲ್ಯವೇ ವಿವೇಕವೆಂದು ಲೆಕ್ಕ ಹಾಕಿ ತೋರಿಸುವ ವಾದವೊಂದು ಗಣಿತಜ್ಞರಲ್ಲಿ ಪ್ರಚಾರದಲ್ಲಿದೆ. ನಮ್ಮ ಕಾಲೇಜಿನ ಗಣಿತದ ಅಧ್ಯಾಪಕರೊಬ್ಬರು ಅದನ್ನು ನನಗೆ ಹೇಳಿದರು. ಕನ್ನಡ ಪಾಠ ಹೇಳುವವನಿಗೆ ಅದರಿಂದೇನು ಎಂದು ಓದುಗರು ಕೇಳಬಹುದು. ಆ ವಾದದ ಕೀಲು ಇರುವುದು ಒಂದು ಸರ್ವನಾಮದಲ್ಲಿ. ಆದುದರಿಂದ ಅದರ ಮೇಲೆ ನನಗೂ ಸ್ವಲ್ಪ ಹಕ್ಕುಂಟು.

ವಾದ ಹೀಗಿದೆ. ನಿಮ್ಮ ಮುಂದೆ ಎರಡು ಮುಚ್ಚಿದ ಲಕೋಟೆಗಳಿವೆ. ಎರಡರಲ್ಲೂ ಹಣವಿದೆ, ಒಂದರಲ್ಲಿರುವುದು ಇನ್ನೊಂದರಲ್ಲಿರುವುದರ ಎರಡರಷ್ಟು. ಯಾವುದು ಯಾವುದೆಂದು ಹೊರಗಿನಿಂದ ತಿಳಿಯುವಂತಿಲ್ಲ. ನೀವು ಒಂದನ್ನು ಎತ್ತಿಕೊಂಡಿರಿ. ಬಿಚ್ಚುವ ಮೊದಲು, ಬೇಕಾದರೆ ಬದಲಾಯಿಸಿಕೊಳ್ಳಿ ಎಂದು ಕೊಟ್ಟವರು ಹೇಳುತ್ತಾರೆ. ಆಗ ನೀವು ಹೀಗೆ ಯೋಚಿಸುತ್ತೀರಿ: ನನ್ನ ಲಕೋಟೆಯಲ್ಲಿ ೧೦೦ ರೂಪಾಯಿ ಇದೆಯೆನ್ನೋಣ. ಎದುರಿನದರಲ್ಲಿ ೨೦೦ ಇರಬೇಕು, ಇಲ್ಲವೇ ೫೦ ಇರಬೇಕು. ಎರಡಕ್ಕೂ ಸಮಾನ ಅವಕಾಶ. ಬದಲಾಯಿಸಿದರೆ ಬಂದರೆ ೧೦೦ ಲಾಭ, ಹೋದರೆ ೫೦ ನಷ್ಟ. ಸರಾಸರಿ ತೆಗೆದರೆ ಎದುರಿನ ಲಕೋಟೆಯ ಬೆಲೆ ೧೨೫ ರೂಪಾಯಿ. ನನ್ನಲ್ಲಿರುವುದು ೧೦೦ರ ಬದಲು ಬೇರೆ ಯಾವ ಮೊತ್ತವಾದರೂ ಲೆಕ್ಕ ಇದೇ. ಆದುದರಿಂದ ಎದುರಿನ ಲಕೋಟೆ ನನ್ನದಕ್ಕಿಂತ ಯಾವಾಗಲೂ ಕಾಲು ಪಾಲು ಹೆಚ್ಚು ಬೆಲೆಯುಳ್ಳದ್ದು.

ಕೇಳುವುದಕ್ಕೆ ಇದರಲ್ಲಿ ತಪ್ಪೇನೂ ಕಾಣದು. ಆದರೆ ಫಲವನ್ನು ನೋಡಿ! ಬದಲಾಯಿಸಿಕೊಂಡ ಕೂಡಲೇ ಹೊಸ ಲಕೋಟೆ ನಿಮ್ಮದಾಯಿತು, ಹಳೆಯದು ಎದುರಿನದಾಯಿತು. ಅದೇ ವಾದದ ಪ್ರಕಾರ ಈಗ ಹಳೆಯದೇ ಕಾಲು ಪಾಲು ಹೆಚ್ಚು. ಮತ್ತೆ ಬದಲಾಯಿಸಬೇಕು, ಮತ್ತೆ, ಮತ್ತೆ. ಇನ್ನೊಂದು ಲಕೋಟೆ ನಿಮ್ಮ ಸೋದರನ ಕೈಯಲ್ಲಿದ್ದರೆ ಅವನೂ ಇದೇ ಲೆಕ್ಕ ಹಾಕುತ್ತಾನೆ. ಒಂದೇ ವಿನಿಮಯದಿಂದ ಇಬ್ಬರಿಗೂ ಲಾಭವೆಂದಾಗುತ್ತದೆ. ಒಟ್ಟು ಹಣ ಒಂದು ಕಾಸೂ ಹೆಚ್ಚದೆ ಇಬ್ಬರೂ ಶ್ರೀಮಂತರಾಗುವ ಈ ವಿದ್ಯೆ ನಿಜವಾಗಿದ್ದರೆ ಯಾವ ಮನೆಯಲ್ಲೂ ಬಡತನವಿರುತ್ತಿರಲಿಲ್ಲ.

ಈ ಸಮಸ್ಯೆಗೆ ವಯಸ್ಸಾಗಿದೆ. ಬೆಲ್ಜಿಯಂ ದೇಶದ ಗಣಿತಜ್ಞ ಮಾರಿಸ್ ಕ್ರೈಚಿಕ್ ೧೯೩೦ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇದನ್ನು ಟೈಗಳ ಕಥೆಯಾಗಿ ಹೇಳಿದ್ದಾನೆ. ಇಬ್ಬರು ಗೃಹಸ್ಥರು ತಮ್ಮ ತಮ್ಮ ಟೈಯೇ ಚೆಂದವೆಂದು ಪಂಥ ಹೂಡುತ್ತಾರೆ. ಗೆದ್ದವನು ತನ್ನ ಟೈಯನ್ನು ಸೋತವನಿಗೆ ಸಮಾಧಾನಕ್ಕಾಗಿ ಕೊಡಬೇಕು. ಸೋತರೆ ನನಗೆ ಇನ್ನೂ ಒಳ್ಳೆಯ ಟೈ ಸಿಗುತ್ತದೆ, ಆದುದರಿಂದ ಪಂಥ ನನಗೇ ಅನುಕೂಲ ಎಂದು ಇಬ್ಬರೂ ಒಳಗೊಳಗೇ ಹಿಗ್ಗುತ್ತಾರೆ. ೧೯೮೨ರಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್‌ನರ್ ಟೈಗಳನ್ನು ಹಣದ ಚೀಲಗಳಾಗಿ ಬದಲಾಯಿಸಿದ. ೧೯೮೯ರಲ್ಲಿ ಅರ್ಥಶಾಸ್ತ್ರಜ್ಞ ಬ್ಯಾರಿ ನೇಲ್‌ಬಫ್ ಲಕೋಟೆಗಳನ್ನು ಕುರಿತು ಬರೆದ ಲೇಖನಕ್ಕೆ ಇಟ್ಟ ಹೆಸರು, ಎದುರಿನವನ ಲಕೋಟೆ ಯಾವಾಗಲೂ ಹೆಚ್ಚು ಹಸಿರು ಎಂಬರ್ಥದ್ದು. ಅವರ ಕಡೆ ದೂರದ ಬೆಟ್ಟದ ಬದಲು ಬೇಲಿಯಾಚೆಯ ಹುಲ್ಲು ಹಸಿರಾಗಿರುತ್ತದೆ, ಅಷ್ಟೇ ವ್ಯತ್ಯಾಸ.

ಈಗ ಕೀಲಿಗೆ ಬರೋಣ. ‘ಅದರ ಎರಡರಷ್ಟು ಇರಬಹುದು, ಅದರ ಅರ್ಧ ಇರಬಹುದು’ ಎಂಬ ವಾಕ್ಯದಲ್ಲಿ ‘ಅದು’ ಎಂಬ ಸರ್ವನಾಮ ಎರಡು ಸಲ ಬಂದಿದೆ. ಎರಡು ಕಡೆಗೂ ಅದು ಒಂದೇ ಮೊತ್ತವನ್ನು ಸೂಚಿಸುತ್ತದೆಯೇ? ಲಕೋಟೆಗಳನ್ನು ತುಂಬಿದವರ ಕಡೆಯಿಂದ ನೋಡಿ. ಅವರು ೧೦೦ ಮತ್ತು ೨೦೦ ರೂಪಾಯಿಗಳನ್ನು ಹಾಕಿದ್ದಾರೆನ್ನೋಣ. ಎದುರಿನದು ‘ಅದರ ಎರಡರಷ್ಟು’ ಆಗಬೇಕಾದರೆ ನಿಮ್ಮ ಕೈಯಲ್ಲಿರುವುದು ೧೦೦. ‘ಅದರ ಅರ್ಧ’ ಆಗಬೇಕಾದರೆ ನಿಮ್ಮ ಕೈಯಲ್ಲಿರುವುದು ೨೦೦. ಮೊದಲನೆಯ ‘ಅದು’ ಚಿಕ್ಕ ಮೊತ್ತ, ಎರಡನೆಯ ‘ಅದು’ ದೊಡ್ಡ ಮೊತ್ತ. ಚಿಕ್ಕದು ಇಮ್ಮಡಿಯಾದರೆ ಲಾಭ ೧೦೦. ದೊಡ್ಡದು ಅರ್ಧವಾದರೆ ನಷ್ಟ ೧೦೦. ಅವಕಾಶಗಳು ಸಮವಾದ್ದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಲೆಕ್ಕದಲ್ಲಿ ಕಂಡ ಕಾಲು ಪಾಲಿನ ಲಾಭ, ಎರಡು ಬೇರೆ ಮೊತ್ತಗಳನ್ನು ಒಂದೇ ಹೆಸರಿನಿಂದ ಕರೆದುದರಿಂದ ಹುಟ್ಟಿದ್ದು.

ಇಲ್ಲಿ ಚತುರ ಓದುಗರು ತಡೆದು ಕೇಳಬಹುದು: ‘ಹಾಗಾದರೆ ನಾನು ಲಕೋಟೆಯನ್ನು ಬಿಚ್ಚಿಯೇ ನೋಡುತ್ತೇನೆ. ೨೦೦ ರೂಪಾಯಿ ಕಣ್ಣೆದುರಿಗಿದೆ. ಈಗ ‘ಅದು’ ಎಂದರೆ ೨೦೦ ಮಾತ್ರ. ಈಗೇನು ಹೇಳುತ್ತೀರಿ?’ ಪ್ರಶ್ನೆ ನ್ಯಾಯವಾದದ್ದು. ಸರ್ವನಾಮದ ಉತ್ತರ ಇದಕ್ಕೆ ಸಾಲದು. ಈಗ ಪರೀಕ್ಷಿಸಬೇಕಾದದ್ದು ‘ಸಮಾನ ಅವಕಾಶ’ ಎಂಬ ಮಾತನ್ನು. ಒಂದು ಚಿಕ್ಕ ಉದಾಹರಣೆಯನ್ನು ಕೊನೆಯವರೆಗೂ ಲೆಕ್ಕ ಹಾಕೋಣ.

ಕೊಡುವವರ ಬಳಿ ಮೂರು ಜೊತೆ ಲಕೋಟೆಗಳಿವೆ: ಒಂದು ಜೊತೆಯಲ್ಲಿ ೧೦೦ ಮತ್ತು ೨೦೦, ಇನ್ನೊಂದರಲ್ಲಿ ೨೦೦ ಮತ್ತು ೪೦೦, ಮತ್ತೊಂದರಲ್ಲಿ ೪೦೦ ಮತ್ತು ೮೦೦. ಮೂರರಲ್ಲಿ ಒಂದು ಜೊತೆಯನ್ನು ಕಣ್ಣುಮುಚ್ಚಿ ಆರಿಸಿ ನಿಮ್ಮ ಮುಂದಿಡುತ್ತಾರೆ; ನೀವು ಅದರಲ್ಲಿ ಒಂದನ್ನು ಎತ್ತುತ್ತೀರಿ. ಹೀಗೆ ಆರು ಬಗೆಯಲ್ಲಿ ಆಟ ನಡೆಯಬಹುದು. ಆರಕ್ಕೂ ಅವಕಾಶ ಸಮ. ಎಲ್ಲದರಲ್ಲಿಯೂ ನೀವು ಬದಲಾಯಿಸಿಕೊಳ್ಳುತ್ತೀರೆನ್ನೋಣ. ಕೈಯಲ್ಲಿ ೧೦೦ ಇದ್ದರೆ ಎದುರಿನದು ೨೦೦ ಆಗಿಯೇ ತೀರಬೇಕು: ಲಾಭ ೧೦೦. ೨೦೦ ಎರಡು ಬಗೆಯಲ್ಲಿ ಬರುತ್ತದೆ: ಒಂದರಲ್ಲಿ ಲಾಭ ೨೦೦, ಇನ್ನೊಂದರಲ್ಲಿ ನಷ್ಟ ೧೦೦. ೪೦೦ ಕೂಡ ಎರಡು ಬಗೆಯಲ್ಲಿ: ಒಂದರಲ್ಲಿ ಲಾಭ ೪೦೦, ಇನ್ನೊಂದರಲ್ಲಿ ನಷ್ಟ ೨೦೦. ಕಡೆಗೆ ೮೦೦ ಬಂದರೆ ಎದುರಿನದು ೪೦೦ ಮಾತ್ರವೇ: ನಷ್ಟ ೪೦೦. ಲಾಭಗಳನ್ನು ಕೂಡಿಸಿದರೆ ೭೦೦. ನಷ್ಟಗಳನ್ನು ಕೂಡಿಸಿದರೂ ೭೦೦.

ಇದರಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ೨೦೦ ಅಥವಾ ೪೦೦ ಕಂಡಾಗ ಹಳೆಯ ವಾದ ಅಕ್ಷರಶಃ ಸರಿ. ಅಲ್ಲಿ ಬದಲಾಯಿಸುವುದೇ ಜಾಣತನ. ಆದರೆ ವಾದ ಹೇಳುವುದು ಯಾವ ಮೊತ್ತ ಕಂಡರೂ ಹೀಗೆಯೇ ಎಂದು. ೮೦೦ರ ಮುಂದೆ ಅದು ಮುಗ್ಗರಿಸುತ್ತದೆ. ಆ ಒಂದು ನಷ್ಟವೇ ಮಿಕ್ಕ ಕಡೆ ಗಳಿಸಿದ್ದನ್ನೆಲ್ಲ ನುಂಗುವಷ್ಟು ದೊಡ್ಡದು. ಜೊತೆಗಳನ್ನು ಮೂರರಿಂದ ಮುನ್ನೂರಕ್ಕೆ ಏರಿಸಿದರೂ ತುದಿಯ ಮೊತ್ತವೊಂದು ಇದ್ದೇ ಇರುತ್ತದೆ. ಅದು ಎಷ್ಟು ಅಪರೂಪವಾಗುತ್ತದೆಯೋ ಅಷ್ಟೇ ಭಾರವೂ ಆಗುತ್ತದೆ. ತುದಿಯೇ ಇಲ್ಲದೆ ಎಲ್ಲ ಇಮ್ಮಡಿಗಳಿಗೂ ಸಮಾನ ಅವಕಾಶ ಕೊಡುತ್ತೇನೆ ಎಂದರೆ ಅದು ಆಗದ ಮಾತು. ಅವಕಾಶಗಳೆಲ್ಲ ಕೂಡಿ ಒಂದು ಪೂರ್ಣವಾಗಬೇಕು. ಅಸಂಖ್ಯಾತ ಪಾಲುಗಳನ್ನು ಸಮವಾಗಿ ಹಂಚಿದರೆ ಒಂದೊಂದಕ್ಕೂ ಸೊನ್ನೆಯೇ ಗತಿ, ಸೊನ್ನೆಗಳನ್ನು ಎಷ್ಟು ಕೂಡಿಸಿದರೂ ಸೊನ್ನೆಯೇ.

ವಾದಕ್ಕೆ ಇನ್ನೊಂದು ಆಶ್ರಯವುಂಟು; ಅದನ್ನು ೧೯೯೫ರಲ್ಲಿ ಜಾನ್ ಬ್ರೂಮ್ ಎಂಬ ತತ್ತ್ವಶಾಸ್ತ್ರಜ್ಞರು ತೋರಿಸಿಕೊಟ್ಟರು. ಅವರ ಲೆಕ್ಕವನ್ನು ದಾಳದ ಆಟವಾಗಿ ಹೀಗೆ ಹೇಳಬಹುದು. ಒಂದು ರೂಪಾಯಿಯಿಂದ ಆರಂಭಿಸಿ ದಾಳ ಹಾಕಬೇಕು. ಒಂದು ಅಥವಾ ಎರಡು ಬಿದ್ದರೆ ಅಲ್ಲಿಗೇ ನಿಲ್ಲಬೇಕು. ಬೇರೆ ಬಿದ್ದರೆ ಮೊತ್ತವನ್ನು ಇಮ್ಮಡಿಸಿ ಮತ್ತೆ ಹಾಕಬೇಕು. ನಿಂತಾಗ ಇರುವ ಮೊತ್ತ ಒಂದು ಲಕೋಟೆಗೆ, ಅದರ ಇಮ್ಮಡಿ ಇನ್ನೊಂದಕ್ಕೆ. ಇಲ್ಲಿ ಅವಕಾಶಗಳು ಸಮವಲ್ಲ, ಆದರೆ ನ್ಯಾಯವಾಗಿ ಕೂಡುತ್ತವೆ. ನಿಮಗೆ ೨ ರೂಪಾಯಿ ಕಂಡಿತೆನ್ನಿ. ಅಂಥ ಐದು ಸಲದಲ್ಲಿ ಸರಾಸರಿ ಮೂರು ಸಲ ಎದುರಿನದು ೧, ಎರಡು ಸಲ ೪. ಒಟ್ಟು ೧೧ ರೂಪಾಯಿ, ಬದಲಾಯಿಸದಿದ್ದರೆ ೧೦. ಮುಂದಿನ ಯಾವ ಮೊತ್ತ ಕಂಡರೂ ಹತ್ತಕ್ಕೆ ಹನ್ನೊಂದರ ಇದೇ ಪ್ರಮಾಣ; ೧ ಕಂಡರಂತೂ ಎದುರಿನದು ೨ ಎಂಬುದು ನಿಶ್ಚಯ. ಹಾಗಾದರೆ ಬಿಚ್ಚದೆಯೇ ಬದಲಾಯಿಸಬಹುದಲ್ಲ? ಇಲ್ಲ. ಈ ಆಟದಲ್ಲಿ ಒಂದು ಲಕೋಟೆಯ ಸರಾಸರಿ ಬೆಲೆಯೇ ಅನಂತ: ಪ್ರತಿ ಹೆಜ್ಜೆಗೂ ಅವಕಾಶ ಮೂರನೆಯ ಎರಡಕ್ಕೆ ಇಳಿದರೆ ಹಣ ಎರಡರಷ್ಟಾಗಿ ಏರುತ್ತದೆ. ಅನಂತಕ್ಕಿಂತ ಹತ್ತನೆಯ ಒಂದು ಪಾಲು ಹೆಚ್ಚು ಎಂಬ ಮಾತಿಗೆ ಅರ್ಥವಿಲ್ಲ. ಅಲ್ಲದೆ ಅಂಥ ಆಟ ನಡೆಸಲು ಮಿತಿಯಿಲ್ಲದ ಖಜಾನೆ ಬೇಕು. ಲೋಕದ ಯಾವ ಖಜಾನೆಗೂ ತಳವುಂಟು. ತಳವಿದ್ದಲ್ಲಿ ೮೦೦ರ ಲಕೋಟೆಯೂ ಉಂಟು.

ಇಷ್ಟಾದರೂ ಆ ಮೂಲವಾದ ಪೂರ್ತಿ ನಿಜವಾಗುವ ಸಂದರ್ಭವೊಂದಿದೆ. ಯಾರೋ ನಿಮ್ಮ ಕೈಗೆ ಮೊದಲು ೧೦೦ ರೂಪಾಯಿ ಕೊಟ್ಟು, ಆಮೇಲೆ ನಾಣ್ಯ ಚಿಮ್ಮಿ, ರಾಜ ಬಿದ್ದರೆ ೨೦೦ನ್ನೂ ಇಲ್ಲದಿದ್ದರೆ ೫೦ನ್ನೂ ಇನ್ನೊಂದು ಲಕೋಟೆಗೆ ಹಾಕಿದರೆ, ಎದುರಿನದರ ಬೆಲೆ ನಿಶ್ಚಯವಾಗಿಯೂ ೧೨೫. ಆಗ ಬದಲಾಯಿಸಿಕೊಳ್ಳದವನು ಮಂಕನೇ. ಅಲ್ಲಿ ‘ಅದು’ ಎಂದರೆ ಎರಡು ಕಡೆಗೂ ೧೦೦. ಅವಕಾಶ ಅರ್ಧರ್ಧವೆಂಬುದಕ್ಕೆ ನಾಣ್ಯವೇ ಸಾಕ್ಷಿ. ಒಂದೇ ವಾಕ್ಯ ಅಲ್ಲಿ ಸತ್ಯ, ಇಲ್ಲಿ ಸುಳ್ಳು. ಭೇದವಿರುವುದು ಲಕೋಟೆಗಳನ್ನು ತುಂಬಿದ ಕ್ರಮದಲ್ಲಿ.

ಇದು ಬರಿಯ ಬುದ್ಧಿವಿನೋದವೆಂದು ಕೈಬಿಡುವಂತಿಲ್ಲ. ಅಣ್ಣತಮ್ಮಂದಿರು ಪಾಲಾಗುವಾಗ ಸಮನಾಗಿ ಒಡೆಯಲಾಗದ ಆಸ್ತಿಗೆ ಚೀಟಿ ಎತ್ತಿಸುವುದುಂಟು. ಚೀಟಿಯಲ್ಲಿ ಒಬ್ಬನಿಗೆ ಹೆಚ್ಚು, ಒಬ್ಬನಿಗೆ ಕಡಿಮೆ ಬರುತ್ತದೆಂದು ಬಲ್ಲವರೇ ಅದನ್ನು ಒಪ್ಪಿಕೊಳ್ಳುವುದು, ಬಿಚ್ಚುವ ತನಕ ಎರಡೂ ಚೀಟಿಗಳ ಬೆಲೆ ಒಂದೇ ಎಂಬ ನಂಬಿಕೆಯಿಂದ. ಲಕೋಟೆಯ ವಾದ ನಿಜವಾಗಿದ್ದರೆ ಆ ನಂಬಿಕೆಯೇ ಉರುಳುತ್ತಿತ್ತು. ಬಿಚ್ಚದ ಚೀಟಿಯನ್ನು ಹಿಡಿದ ಇಬ್ಬರಿಗೂ ತಾನೇ ಮೋಸಹೋದೆನೆಂದು ಕೊರಗಲು ಗಣಿತದ ಆಧಾರವಿರುತ್ತಿತ್ತು. ಅಂಥ ಆಧಾರವಿಲ್ಲ. ಆದರೆ ಚೀಟಿ ಬಿಚ್ಚಿದ ಮೇಲೆ, ಆಸ್ತಿ ಎಷ್ಟಿತ್ತೆಂದು ಬಲ್ಲವನು ತನ್ನ ಪಾಲು ಚಿಕ್ಕದೋ ದೊಡ್ಡದೋ ತಿಳಿಯಬಲ್ಲ. ಅವನ ಅಸಮಾಧಾನ ಬೇರೆ ಮಾತು, ಅದು ಸಂಗತಿಯನ್ನು ಕಂಡು ಹುಟ್ಟಿದ್ದು.

ಆದುದರಿಂದ ಎದುರಿನ ಲಕೋಟೆ ಹೆಚ್ಚೆಂದು ಯಾರಾದರೂ ಲೆಕ್ಕ ತೋರಿಸಿದರೆ ಅವರನ್ನು ಎರಡು ಮಾತು ಕೇಳಿದರೆ ಸಾಕು. ‘ಅದು’ ಎಂದಿರಲ್ಲ, ಎರಡು ಕಡೆಗೂ ಒಂದೇ ಮೊತ್ತವೇ? ಅವಕಾಶ ಅರ್ಧರ್ಧವೆಂದಿರಲ್ಲ, ಎಲ್ಲಕ್ಕಿಂತ ದೊಡ್ಡ ಲಕೋಟೆ ಕೈಗೆ ಬಂದಾಗಲೂ ಹಾಗೆಯೇ? ಮೊದಲನೆಯದು ವ್ಯಾಕರಣದ ಪ್ರಶ್ನೆ, ಎರಡನೆಯದು ಗಣಿತದ್ದು. ಎರಡಕ್ಕೂ ಹೌದೆಂಬ ಉತ್ತರ ಬರುವ ತನಕ ಕೈಯಲ್ಲಿರುವ ಲಕೋಟೆ ಎದುರಿನದರಷ್ಟೇ ಒಳ್ಳೆಯದು.