ಎಕ್ಸಾಮ್ ಸರಣಿ, ಭಾಗ 4: ಹನ್ನೆರಡು ಮಾರ್ಕ್ಸಿಗೆ ಇಪ್ಪತ್ನಾಲ್ಕು ನಿಮಿಷ

(1/5)
ಥಿಯರಿ ಪೇಪರ್‌ನಲ್ಲಿ ಮಾರ್ಕ್ಸ್ ಹೋಗೋದು ಓದದೇ ಇದ್ದಿದ್ದಕ್ಕೆ ಅಂತ ಎಲ್ಲರೂ ಹೇಳ್ತಾರೆ. ಚೆನ್ನಾಗಿ ಓದಿದವರಿಗೂ ಹೋಗುತ್ತೆ. ಕಳೆದ ಸೆಮಿಸ್ಟರ್ ನನ್ನ ಬೆಂಚ್‌ಮೇಟ್ ಬಿಸಿನೆಸ್ ಲಾ ಪೇಪರ್‌ನ ಫೋಟೋಕಾಪಿ ತರಿಸಿದಳು. ನಮ್ಮ ಗ್ಯಾಂಗ್‌ಗೆ ಕಾಂಟ್ರಾಕ್ಟ್ ಆ್ಯಕ್ಟ್ ಹೇಳಿಕೊಟ್ಟಿದ್ದೇ ಅವಳು, ಆದರೂ ಮಾರ್ಕ್ಸ್ ನಮಗಿಂತ ಕಡಿಮೆ. ಅವಳ ಸ್ಕಾಲರ್‌ಶಿಪ್‌ಗೆ ಆ ಪರ್ಸೆಂಟೇಜ್ ಬೇಕಿತ್ತು. ಕ್ಯಾಂಟೀನಲ್ಲಿ ಕೂತು ಇಬ್ಬರೂ ಒಂದೊಂದೇ ಪುಟ ತಿರುವಿ ನೋಡಿದ್ವಿ. ಅದನ್ನ ಬರಿ, ಜೂನಿಯರ್ಸ್‌ಗೆ ಗೊತ್ತಾಗಲಿ ಅಂದಿದ್ದೂ ಅವಳೇ.

ಮೊದಲನೇ 12 ಮಾರ್ಕ್ಸ್ ಪ್ರಶ್ನೆಗೆ ಐದೂವರೆ ಪುಟ, ಸುಮಾರು 50 ನಿಮಿಷ. ಬಂದಿದ್ದು 9. ಎರಡನೇ 12 ಮಾರ್ಕ್ಸಿಗೆ ಒಂದು ಪುಟ, 10 ನಿಮಿಷ. ಬಂದಿದ್ದು 4. ಕೊನೆಯ 6 ಮಾರ್ಕ್ಸ್ ಪ್ರಶ್ನೆ ಮುಟ್ಟೇ ಇಲ್ಲ. ಮೊದಲನೇ ಉತ್ತರದಲ್ಲಿ ಕೆಂಪು ಟಿಕ್‌ಗಳು ಮೂರನೇ ಪುಟಕ್ಕೇ ನಿಂತಿದ್ದವು. ಉಳಿದ ಎರಡೂವರೆ ಪುಟದಲ್ಲಿ ಒಂದೂ ಇಲ್ಲ. ಎಕನಾಮಿಕ್ಸ್‌ನಲ್ಲಿ ಓದ್ತೀವಲ್ಲ, ಎರಡನೇ ದೋಸೆಗಿಂತ ಐದನೇ ದೋಸೆ ಕೊಡೋ ತೃಪ್ತಿ ಕಡಿಮೆ ಅಂತ? ಉತ್ತರದ ಪುಟಗಳೂ ಹಾಗೇ.

(2/5)
ಈಗ ಲೆಕ್ಕ. ನಮ್ಮ ಪೇಪರ್ 60 ಮಾರ್ಕ್ಸ್, ಎರಡೂವರೆ ಗಂಟೆ, ಅಂದ್ರೆ 150 ನಿಮಿಷ. ಒಂದು ಮಾರ್ಕ್ಸಿಗೆ 2 ನಿಮಿಷ ಅಂತ ಇಟ್ಕೊಳ್ಳಿ. ಎರಡು ಮಾರ್ಕ್ಸಿನ ಐದು ಪ್ರಶ್ನೆಗೆ 20 ನಿಮಿಷ, ಐದು ಮಾರ್ಕ್ಸಿನ ನಾಲ್ಕಕ್ಕೆ 40, ಹನ್ನೆರಡು ಮಾರ್ಕ್ಸಿನ ಎರಡಕ್ಕೆ 48, ಕೊನೆಯ 6 ಮಾರ್ಕ್ಸಿಗೆ 12. ಒಟ್ಟು 120. ಉಳಿದ 30 ನಿಮಿಷದಲ್ಲಿ 10 ಪ್ರಶ್ನೆಪತ್ರಿಕೆ ಓದಿ ಆರಿಸೋಕೆ, 10 ಕೊನೆಗೆ ನಂಬರ್ ಚೆಕ್ ಮಾಡೋಕೆ, 10 ಕೈ ನೋವು ಬಂದಾಗ, ಅಡಿಷನಲ್ ಶೀಟ್ ಕೇಳುವಾಗ ಹೋಗುತ್ತೆ. ನಿಮ್ಮ ಪೇಪರ್ 80 ಮಾರ್ಕ್ಸ್, ಮೂರು ಗಂಟೆ ಇದ್ರೂ 2 ನಿಮಿಷದ ಲೆಕ್ಕವೇ ನಡೆಯುತ್ತೆ. ಆಗ 160 ನಿಮಿಷ ಬರೆಯೋಕೆ, 20 ಮಾತ್ರ ಉಳಿಕೆ.

ಈಗ ಅವಳ ಪೇಪರ್‌ಗೆ ವಾಪಸ್ ಬನ್ನಿ. 24 ನಿಮಿಷದ ಉತ್ತರಕ್ಕೆ 50 ಹೋಯ್ತು, ಅಂದ್ರೆ 26 ನಿಮಿಷ ಜಾಸ್ತಿ. ಎರಡನೇ ಉತ್ತರಕ್ಕೆ ಕಮ್ಮಿ ಬಿದ್ದಿದ್ದು 14, ಕೊನೆಯದಕ್ಕೆ 12. ಕೂಡಿಸಿ ನೋಡಿ, ಸರಿಯಾಗಿ ಅದೇ 26. ಟಿಕ್ ಬೀಳದ ಎರಡೂವರೆ ಪುಟ ತಿಂದಿದ್ದು ಆ ಎರಡು ಉತ್ತರಗಳನ್ನ.

ಒಂದು ಮಾತು: ಇದು ಥಿಯರಿಗೆ ಮಾತ್ರ. ಅಕೌಂಟ್ಸ್ ಪ್ರಾಬ್ಲಮ್‌ಗಳಿಗೆ ಈ ಲೆಕ್ಕ ಹಾಕಬೇಡಿ.

(3/5)
24 ನಿಮಿಷದಲ್ಲಿ ಏನು ಬರೀಬೇಕು? ಅವಳ ಮೊದಲನೇ ಪ್ರಶ್ನೆಯನ್ನೇ ತಗೊಳ್ಳೋಣ: ‘ಸಿಂಧುವಾದ ಕರಾರಿನ ಅಗತ್ಯ ಅಂಶಗಳನ್ನು ವಿವರಿಸಿ.’ ಮೊದಲ 2 ನಿಮಿಷ ಉತ್ತರ ಶುರು ಮಾಡಬೇಡಿ. ಕೊನೆಯ ಪುಟದಲ್ಲಿ ಪೆನ್ಸಿಲ್‌ನಲ್ಲಿ ಪಾಯಿಂಟ್ ಹೆಸರುಗಳನ್ನಷ್ಟೇ ಬರೆದು, ಆಮೇಲೆ ಹೊಡೆದುಹಾಕಿ. ಆಫರ್ ಮತ್ತು ಒಪ್ಪಿಗೆ, ಕಾನೂನು ಸಂಬಂಧದ ಉದ್ದೇಶ, ಸಾಮರ್ಥ್ಯ, ಮುಕ್ತ ಸಮ್ಮತಿ, ಪ್ರತಿಫಲ, ಕಾನೂನುಬದ್ಧ ಉದ್ದೇಶ, ನಿಶ್ಚಿತತೆ, ಶೂನ್ಯ ಎಂದು ಘೋಷಿಸದಿರುವುದು. ಎಂಟು ಆಯ್ತು.

ಪೀಠಿಕೆಗೆ 3 ನಿಮಿಷ: 1872ರ ಭಾರತೀಯ ಕರಾರು ಕಾಯ್ದೆ, ಸೆಕ್ಷನ್ 2(h)ನಲ್ಲಿ ವ್ಯಾಖ್ಯೆ, ಸೆಕ್ಷನ್ 10ರಲ್ಲಿ ಅಗತ್ಯಗಳು. ಎಂಟು ಪಾಯಿಂಟ್‌ಗೆ ಎರಡೆರಡು ನಿಮಿಷದಂತೆ 16. ಮುಕ್ತಾಯಕ್ಕೆ 2, ಅಂಡರ್‌ಲೈನ್‌ಗೆ 1.

ಎರಡು ನಿಮಿಷದಲ್ಲಿ ನನ್ನ ಕೈಗೆ ನಲವತ್ತು ಪದ ಆಗುತ್ತೆ. ಫೋನ್ ಟೈಮರ್ ಇಟ್ಟು ನಿಮ್ಮದನ್ನೂ ಅಳೆದು ನೋಡಿ. ಅಷ್ಟರಲ್ಲಿ ಒಂದು ಪಾಯಿಂಟ್ ಹೀಗೆ ಬರುತ್ತೆ:

‘3. ಕರಾರು ಮಾಡುವ ಸಾಮರ್ಥ್ಯ: ಸೆಕ್ಷನ್ 11ರ ಪ್ರಕಾರ ಪಕ್ಷಕಾರನು ಪ್ರಾಪ್ತವಯಸ್ಕನಾಗಿರಬೇಕು, ಸ್ವಸ್ಥಚಿತ್ತನಾಗಿರಬೇಕು ಮತ್ತು ಯಾವುದೇ ಕಾನೂನಿನಿಂದ ಅನರ್ಹನಾಗಿರಬಾರದು. ಅಪ್ರಾಪ್ತನ ಒಪ್ಪಂದ ಆರಂಭದಿಂದಲೇ ಶೂನ್ಯ. ಮೊಹೊರಿ ಬೀಬಿ ವಿರುದ್ಧ ಧರ್ಮದಾಸ್ ಘೋಷ್ (1903) ಪ್ರಕರಣದಲ್ಲಿ ಅಪ್ರಾಪ್ತನು ಮಾಡಿದ ಅಡಮಾನ ಶೂನ್ಯವೆಂದು ಪ್ರಿವಿ ಕೌನ್ಸಿಲ್ ತೀರ್ಪು ನೀಡಿತು.’

ಹೆಸರು, ಅರ್ಥ, ಆಧಾರ. ಮುಂದಿನ ಪಾಯಿಂಟ್‌ಗೆ ಹೋಗಿ. ಗೆಳತಿ ಏನು ಮಾಡಿದ್ದಳು ಅಂದ್ರೆ, ಆಫರ್‌ನ ವಿಧಗಳನ್ನೆಲ್ಲ ಒಂದೂವರೆ ಪುಟ ಬರೆದಿದ್ದಳು. ಎಲ್ಲ ಸರಿಯಾಗೇ ಇತ್ತು, ಆದ್ರೆ ಪ್ರಶ್ನೆ ಕೇಳಿದ್ದು ಅದಲ್ಲ. ನಿಶ್ಚಿತತೆ ಅನ್ನೋ ಪಾಯಿಂಟ್ ಬಿಟ್ಟೇ ಹೋಗಿತ್ತು.

(4/5)
ಕೀವರ್ಡ್ ಅಂದ್ರೆ ಅಂಡರ್‌ಲೈನ್ ಮಾಡೋ ಅಲಂಕಾರ ಅಲ್ಲ. ಲಾ ಪೇಪರ್‌ನಲ್ಲಿ ಪದ ಬದಲಾದ್ರೆ ಉತ್ತರವೇ ಬದಲಾಗುತ್ತೆ. ಎರಡು ಉದಾಹರಣೆ ಕೊಡ್ತೀನಿ.

‘ಇಬ್ಬರೂ ಒಪ್ಪಿರಬೇಕು’ ಅಂತ ಬರೆದ್ರೆ ಅದು ಸಮ್ಮತಿ ಮಾತ್ರ, ಸೆಕ್ಷನ್ 13: ಒಂದೇ ವಿಷಯವನ್ನ ಒಂದೇ ಅರ್ಥದಲ್ಲಿ ಒಪ್ಪೋದು. ಮುಕ್ತ ಸಮ್ಮತಿ ಸೆಕ್ಷನ್ 14. ಅಲ್ಲಿ ಬಲವಂತ, ಅನುಚಿತ ಪ್ರಭಾವ, ವಂಚನೆ, ತಪ್ಪು ನಿರೂಪಣೆ, ತಪ್ಪು ಗ್ರಹಿಕೆ ಈ ಐದೂ ಇರಬಾರದು. ‘ಮುಕ್ತ’ ಅನ್ನೋ ಒಂದು ಪದ ಬಿಟ್ರೆ ಆ ಐದೂ ಉತ್ತರದಿಂದ ಬಿದ್ದುಹೋಗುತ್ತೆ.

ಇನ್ನೊಂದು, ವಾಯ್ಡ್ ಮತ್ತು ವಾಯ್ಡಬಲ್. ಅಪ್ರಾಪ್ತನ ಒಪ್ಪಂದ ವಾಯ್ಡ್, ಕಾನೂನಿನ ಕಣ್ಣಲ್ಲಿ ಅದು ಕರಾರೇ ಅಲ್ಲ. ಬಲವಂತ ಅಥವಾ ವಂಚನೆಯಿಂದ ಆದದ್ದು ವಾಯ್ಡಬಲ್. ಮೋಸ ಹೋದವನು ಬೇಕಾದ್ರೆ ಮುಂದುವರಿಸಬಹುದು, ಬೇಡ ಅಂದ್ರೆ ರದ್ದು ಮಾಡಬಹುದು. ಒಂದರ ಜಾಗಕ್ಕೆ ಇನ್ನೊಂದು ಬರೆದ್ರೆ ಸುತ್ತಲಿನ ನಾಲ್ಕು ಸಾಲು ಎಷ್ಟೇ ಚಂದ ಇದ್ರೂ ಪಾಯಿಂಟ್ ತಪ್ಪು.

ನಿಮ್ಮ ಉತ್ತರ ಪರೀಕ್ಷೆ ಮಾಡೋಕೆ ಒಂದು ದಾರಿ ಇದೆ. ಅಂಡರ್‌ಲೈನ್ ಮಾಡಿದ ಪದಗಳನ್ನಷ್ಟೇ ಮೇಲಿಂದ ಕೆಳಗೆ ಓದಿ. ಅಷ್ಟರಲ್ಲೇ ಉತ್ತರದ ಅಸ್ಥಿಪಂಜರ ಕಾಣಬೇಕು. ‘ಮುಖ್ಯವಾದ’, ‘ಅತ್ಯಂತ ಅವಶ್ಯಕ’ ಇಂಥವೇ ಕಂಡ್ರೆ ಗೆರೆ ತಪ್ಪು ಜಾಗಕ್ಕೆ ಬಿದ್ದಿದೆ. ಸಾಲಿಗೊಂದು ಗೆರೆ ಇದ್ರೂ ಅಷ್ಟೇ, ಯಾವುದೂ ಎದ್ದು ಕಾಣಲ್ಲ.

(5/5)
ಟೈಮ್ ಮೀರಿದ್ರೆ? 24 ನಿಮಿಷ ಆದಾಗ ಆರನೇ ಪಾಯಿಂಟ್‌ನಲ್ಲಿದ್ದೀರಿ ಅಂದ್ಕೊಳ್ಳಿ. ಆ ವಾಕ್ಯ ಮುಗಿಸಿ, ಉಳಿದ ಎರಡರ ಹೆಡಿಂಗ್ ಮಾತ್ರ ಬರೆದು, ಕೆಳಗೆ ನಾಲ್ಕೈದು ಸಾಲು ಜಾಗ ಬಿಟ್ಟು ಮುಂದಿನ ಪ್ರಶ್ನೆಗೆ ಹೋಗಿ. ಕೊನೆಯಲ್ಲಿ ಟೈಮ್ ಸಿಕ್ರೆ ತುಂಬಿಸಬಹುದು. ಸಿಗದಿದ್ರೂ ಪಾಯಿಂಟ್ ನಿಮಗೆ ಗೊತ್ತಿತ್ತು ಅಂತ ಹೆಡಿಂಗ್ ಹೇಳುತ್ತೆ. ಖಾಲಿ ಬಿಟ್ಟ 6 ಮಾರ್ಕ್ಸ್ ಪ್ರಶ್ನೆ ಏನೂ ಹೇಳಲ್ಲ.

ಇಷ್ಟು ಮಾಡೋಕೆ ಅಭ್ಯಾಸ ಬೇಕು, ಆದ್ರೆ ಇಡೀ ಪೇಪರ್ ಬರೀಬೇಕಿಲ್ಲ. ಹಳೇ ಪ್ರಶ್ನೆಪತ್ರಿಕೆಯಿಂದ ಒಂದೇ 12 ಮಾರ್ಕ್ಸ್ ಪ್ರಶ್ನೆ ತಗೊಂಡು 24 ನಿಮಿಷ ಅಲಾರಂ ಇಡಿ. ಅಲಾರಂ ಹೊಡೆದಾಗ ಯಾವ ಪಾಯಿಂಟ್‌ನಲ್ಲಿದ್ದೀರಿ ಅಂತ ಮಾರ್ಜಿನ್‌ನಲ್ಲಿ ಬರೆದಿಡಿ. ಬೆಂಚ್‌ಮೇಟ್ ಈಗ ವಾರಕ್ಕೆ ಎರಡು ಬರೀತಾಳೆ. ಮೊದಲ ಸಲ ನಾಲ್ಕನೇ ಪಾಯಿಂಟ್‌ನಲ್ಲಿ ಅಲಾರಂ ಹೊಡೀತು. ಮೊನ್ನೆ ಏಳನೇದರಲ್ಲಿ. ಇಂಪ್ರೂವ್‌ಮೆಂಟ್ ಎಕ್ಸಾಮ್ ಫಾರ್ಮ್ ತುಂಬಿದ್ದಾಳೆ, ಕಾಯ್ತಿದ್ದೀವಿ.

ನಿಮಗೆ ಯಾವ ಪಾಯಿಂಟ್‌ನಲ್ಲಿ ಅಲಾರಂ ಹೊಡೀತು, ಕಾಮೆಂಟ್‌ನಲ್ಲಿ ಹೇಳಿ. ಮುಂದಿನ ಭಾಗ: ‘ವ್ಯತ್ಯಾಸ ತಿಳಿಸಿ’ ಅಂದ್ರೆ ಟೇಬಲ್ ಹಾಕೋದು ಹೇಗೆ.

#ಬಿಕಾಂ #ಎಕ್ಸಾಮ್_ಸರಣಿ #ಬಿಸಿನೆಸ್_ಲಾ