ಅತ್ತಿ ಕೈಯಾಗಿನ ಮೂರು ಚುಚ್ಚು

ಹೋದ ಶ್ರಾವಣದಾಗ ನಮ್ಮ ಅತ್ತಿಯವರಿಗೆ ಪಿತ್ತಕೋಶದ ಆಪರೇಶನ್ ಆತು. ಕಲ್ಲು ಆಗಿದ್ವು. ಎರಡು ಸಲ ನಡರಾತ್ರಿ ಹೊಟ್ಟಿ ಹಿಡ್ಕೊಂಡು ಕುಂತಿದ್ರು, ಇನ್ನ ಮುಂದೂಡೂದು ಬ್ಯಾಡ ಅಂತ ಡಾಕ್ಟರು ಹೇಳಿದ್ರು. ದುರ್ಬೀನಿನ ಆಪರೇಶನ್, ಮೂರು ದಿನದ ಪ್ಯಾಕೇಜು, 62,000 ರೂಪಾಯಿ. ಅವರಿಗೆ ಇನ್ಶೂರನ್ಸ್ ಇಲ್ಲ. ಹದಿನೈದು ವರ್ಷ ಜ್ವಾಳದ ರೊಟ್ಟಿ ಬಡದು ಖಾನಾವಳಿಗೆ ಕೊಟ್ಟು ಕೂಡಿಸಿದ ರೊಕ್ಕ ಬ್ಯಾಂಕಿನ್ಯಾಗ ಇಟ್ಟಿದ್ರು, ಅದನ್ನ ಮುರಿಸಿದ್ವಿ. ನಾವು ಹಾಕ್ತೀವಿ ಅಂದ್ರ ಕೇಳಲಿಲ್ಲ.

ಆಪರೇಶನ್ ಛಲೋ ಆತು. ಆದ್ರ ಮರುದಿನ ಕೈಕಾಲು ಸೋತು ಏಳಾಕ ಆಗಲಿಲ್ಲ, ಪೊಟ್ಯಾಶಿಯಂ ಇಳದಿತ್ತು. ಹಿಂಗಾಗಿ ಮೂರು ದಿನದ್ದು ನಾಕು ದಿನ ಆತು. ಶುಕ್ರವಾರ ಮುಂಜಾನೆ ಬಿಲ್ಲು ಕೈಗೆ ಬಂತು. 91,640.

ನಮ್ಮ ಮನ್ಯಾವ್ರು ಬಿಲ್ಲು ನೋಡಿ ಸುಮ್ಮನ ಕಾರ್ಡು ತಗದ್ರು. "ಜೀವಾ ಉಳಿಸ್ಯಾರ, ಅವರ ಕೂಡ ಏನ ವಾದಾ ಮಾಡೂದು" ಅಂದ್ರು. ನನಗೂ ಅಳುಕಿತ್ತು. ಮತ್ತ ಸ್ಟಿಚ್ಚು ಬಿಚ್ಚಸಾಕ ಅಲ್ಲೇ ಬರಬೇಕಲ್ಲ. ಆದ್ರ ಒಂದು ದಿನ ಜಾಸ್ತಿ ಇದ್ದದ್ದಕ್ಕ ಸುಮಾರು ಮೂವತ್ತು ಸಾವಿರ ಹೆಂಗ ಏರ್ತು ಅನ್ನೂದು ತಲ್ಯಾಗ ಕೂಡಲಿಲ್ಲ. "ಅರ್ಧಾ ತಾಸು ತಡೀರಿ" ಅಂದೆ.

ಕೌಂಟರಿನ್ಯಾಗ ಕೊಟ್ಟಿದ್ದು ಒಂದೇ ಹಾಳಿ, ಬರೇ ದೊಡ್ಡ ದೊಡ್ಡ ಮೊತ್ತ. ತಾರೀಖಿನ ಪ್ರಕಾರ, ಒಂದೊಂದು ಸಾಮಾನು ಬ್ಯಾರೆ ಬ್ಯಾರೆ ಇರೂ ಬಿಲ್ಲು ಬೇಕು ಅಂತ ಕೇಳಿದೆ. ಹುಡುಗ ಒಂದು ಸಲ ನನ್ನ ಮಾರಿ ನೋಡಿದ, ಆಮ್ಯಾಲ ಒಂಬತ್ತು ಹಾಳಿ ತಗದು ಕೊಟ್ಟ. ಇಂಥಾ ಬಿಲ್ಲು ಕೇಳೂದು ರೋಗಿ ಹಕ್ಕು, ಜಗಳ ಅಲ್ಲ.

ವಾರ್ಡಿಗೆ ಹೋಗಿ ಅತ್ತಿ ಮಂಚದ ಮ್ಯಾಲೆ ಎಲ್ಲಾ ಹರಡಿದೆ. ಮಗ್ಗಲಕ್ಕ ಇನ್ನೊಂದು ಹಾಳಿ ಇಟ್ಕೊಂಡೆ. ಅಡ್ಮಿಟ್ ಆಗೂ ಮುಂಚೆ ಅವರೇ ಸಹಿ ಮಾಡಿ ಕೊಟ್ಟ ಪ್ಯಾಕೇಜಿನ ಅಂದಾಜು ಪತ್ರ ಅದು. ಅದರಾಗ ಏನೇನು ಸೇರೇತಿ ಅಂತ ಬರದಿತ್ತು: ಎರಡು ರಾತ್ರಿ ರೂಮು, ಸರ್ಜನ್ ಫೀಸು, ಅನಸ್ತೇಶಿಯಾ ಡಾಕ್ಟರ ಫೀಸು, ಓಟಿ ಚಾರ್ಜು, ಓಟಿ ಒಳಗಿನ ಔಷಧ ಮತ್ತ ಸಾಮಾನು. ಏನು ಸೇರಿಲ್ಲ ಅಂತ ಕೆಳಗ ಬರದಿತ್ತು: ವಾರ್ಡಿನ ಔಷಧ, ರಕ್ತ ಪರೀಕ್ಷೆ, ಬಯಾಪ್ಸಿ, ಕ್ಲಿಪ್ಪು, ಜಾಸ್ತಿ ದಿನ. ಈ ಹಾಳಿ ಇಲ್ಲಂದ್ರ ನಾ ಏನೂ ಮಾಡಾಕ ಆಗ್ತಿರಲಿಲ್ಲ. ನಮ್ಮ ಮನ್ಯಾವ್ರು ಅದನ್ನ ಪೇಪರಿನ ಕಟ್ಟಿನ್ಯಾಗ ಸೇರಿಸಿ ಒಗ್ಯಾಕತ್ತಿದ್ರು.

ಮೊದಲು ಪ್ಯಾಕೇಜಿನ ಒಳಗಿಂದು ಹೊರಗ ಬಂದೈತೇನು ಅಂತ ನೋಡಿದೆ. ಎರಡನೇ ಹಾಳಿಯೊಳಗ ಪ್ಯಾಕೇಜು 62,000 ಅಂತ ಹಾಕಿ, ಅದರ ಕೆಳಗೇ "ಅನಸ್ತೇಶಿಯಾ ಫೀಸು 6,000" ಅಂತ ಮತ್ತೊಂದು ಸಾಲು. ಅಂದಾಜು ಪತ್ರದಾಗ ಅದು ಒಳಗೇ ಐತಿ. ಇದಕ್ಕ ವಾದಾನೇ ಬೇಕಿಲ್ಲ, ಎರಡೂ ಹಾಳಿ ಮಗ್ಗಲಕ್ಕ ಇಟ್ಟು ತೋರಿಸಿದ್ರ ಆತು. ಇನ್ನೊಂದು ಸಾಲು "ದುರ್ಬೀನ್ ಉಪಕರಣ ಬಾಡಿಗಿ 4,500". ಇಲ್ಲಿ ನಾ ಸಿಕ್ಕೊಂಡೆ. ಪತ್ರದಾಗ ಬರೇ "ಓಟಿ ಚಾರ್ಜು" ಅಂತ ಇತ್ತು, ಕ್ಯಾಮರಾ, ಗ್ಯಾಸು ಅಂತ ಎಲ್ಲೂ ಬರದಿರಲಿಲ್ಲ. ದುರ್ಬೀನಿನ ಆಪರೇಶನ್ನಿಗೆ ದುರ್ಬೀನು ಬ್ಯಾರೆ ಅಂದ್ರ, ಹಿಟ್ಟು ಬೀಸಾಕ ಕೊಟ್ಟಾಗ ಗಿರಣಿ ಕಲ್ಲಿಗೆ ಬ್ಯಾರೆ ರೊಕ್ಕ ಕೇಳಿದಂಗ. ಆದ್ರ ಬರವಣಿಗಿ ನನ್ನ ಕಡೆ ಇರಲಿಲ್ಲ.

ಆಮ್ಯಾಲ ಒಂದೇ ಸಾಮಾನಿಗೆ ಎರಡು ಸಲ ಹಾಕ್ಯಾರೇನು ಅಂತ ನೋಡಿದೆ. ಇದು ಒಂದೇ ಹಾಳಿಯೊಳಗ ಕಣ್ಣಿಗೆ ಬೀಳೂದಿಲ್ಲ. ಯಾಕಂದ್ರ ಒಂದು ಸಲ ಆಸ್ಪತ್ರಿ ಬಿಲ್ಲಿನ್ಯಾಗ ಒಂದು ಹೆಸರಲೆ, ಇನ್ನೊಂದು ಸಲ ಔಷಧ ಅಂಗಡಿ ಬಿಲ್ಲಿನ್ಯಾಗ ಬ್ಯಾರೆ ಹೆಸರಲೆ ಬಂದಿರ್ತೈತಿ. ನಮ್ಮದರಾಗ "ಓಟಿ ಡಿಸ್ಪೋಸೇಬಲ್ ಕಿಟ್ 3,850" ಅಂತ ಒಂದು ಸಾಲು ಇತ್ತು. ಕಿಟ್ಟಿನ್ಯಾಗ ಏನಿರ್ತೈತಿ ಅಂತ ಸಿಸ್ಟರಿಗೆ ಕೇಳಿದೆ. ಗೌನು, ಟೊಪ್ಪಿಗಿ, ಮಾಸ್ಕು, ಮೈಮ್ಯಾಲೆ ಹೊಚ್ಚೂ ಡ್ರೇಪು, ಗ್ಲೋವ್ಸು ಅಂದ್ಲು. ಔಷಧ ಬಿಲ್ಲಿನ್ಯಾಗ ಬುಧವಾರದ ತಾರೀಖಿಗೆ ಹೋದೆ, ಅಂದ್ರ ಆಪರೇಶನ್ ದಿನಕ್ಕ. ಗೌನು, ಡ್ರೇಪು, ಗ್ಲೋವ್ಸು ಎಲ್ಲಾ ಅಲ್ಲೂ ಬಿಡಿಬಿಡಿ ಇದ್ವು, ಜೋಡಿ ಓಟಿ ಔಷಧಾನೂ ಇದ್ವು. ಆ ಸಾಲೆಲ್ಲಾ ಕೂಡಿಸಿದ್ರ 4,120. ಕಿಟ್ಟೂ ಹಾಕ್ಯಾರ, ಕಿಟ್ಟಿನ ಒಳಗಿಂದೂ ಹಾಕ್ಯಾರ. ಪತ್ರ ನೋಡಿದ್ರ ಎರಡೂ ಪ್ಯಾಕೇಜಿನ ಒಳಗೇ ಬರಬೇಕಿತ್ತು.

ರಕ್ತ ಪರೀಕ್ಷೆ ಒಳಗೂ ಎರಡು ಜೋಡಿ ಸಿಕ್ಕವು. ಮಂಗಳವಾರ ಸಿಬಿಸಿ ಎರಡು ಸಲ, ನಡುವ ಬರೇ ನಲವತ್ತು ನಿಮಿಷ. ಮೊದಲು ತಗೊಂಡ ರಕ್ತ ಹೆಪ್ಪುಗಟ್ಟಿತು ಅಂತ ಮತ್ತ ಬಂದು ತಗೊಂಡಿದ್ದು ನನಗ ನೆನಪಿತ್ತು. ಅವರ ಕಡೆ ಕೆಟ್ಟದ್ದಕ್ಕ ನಾವ್ಯಾಕ ಎರಡನೇ 350 ಕೊಡಬೇಕು? ಗುರುವಾರ ಪೊಟ್ಯಾಶಿಯಂ ಪರೀಕ್ಷೆನೂ ಎರಡು ಸಲ ಇತ್ತು. ಅದಕ್ಕೂ ಗೀಟು ಹೊಡದಿದ್ದೆ. ಸಿಸ್ಟರು, "ಅದು ಖರೇನ ಎರಡು ಸಲ ಮಾಡೀವ್ರಿ. ಪೊಟ್ಯಾಶಿಯಂ ಕೊಟ್ಟ ಮ್ಯಾಲೆ ಏರೇತೋ ಇಲ್ಲೋ ನೋಡಲಿಲ್ಲಂದ್ರ ಎದಿಗೆ ತ್ರಾಸ ಆಗ್ತೈತಿ" ಅಂತ ಎರಡು ರಿಪೋರ್ಟೂ ತೋರಿಸಿದ್ಲು. ಎರಡರಾಗೂ ವ್ಯಾಳ್ಯಾ ಬ್ಯಾರೆ, ಅಂಕಿ ಬ್ಯಾರೆ. ಗೀಟು ಅಳಿಸಿದೆ. ಎರಡು ಸಲ ಕಂಡದ್ದೆಲ್ಲಾ ತಪ್ಪಲ್ಲ. ಎರಡು ರಿಪೋರ್ಟ್ ಇದ್ರ ಎರಡು ಪರೀಕ್ಷೆ, ಒಂದೇ ರಿಪೋರ್ಟ್ ಇದ್ರ ಕೇಳೂದು.

ಕಡೀಕ ಉಳದದ್ದು ವಾರ್ಡಿನ ಸಣ್ಣ ಸಾಮಾನು. ಐವಿ ಸೆಟ್ಟು, ಸಿರಿಂಜು, ಸಲೈನು, ಕ್ಯಾನುಲಾ ಅಂದ್ರ ಕೈಗೆ ಚುಚ್ಚಿ ಬಿಡೂ ಆ ಸಣ್ಣ ಕೊಳವಿ. ಹೆಸರು ನೋಡಿದ್ರ ತಲಿ ತಿರಗ್ತೈತಿ. ಬಿಲ್ಲಿನ್ಯಾಗ ಕ್ಯಾನುಲಾ ಆರು ಅಂತ ಇತ್ತು. ನಾ ಅತ್ತಿಯವರ ಎರಡೂ ಕೈ ಹಿಡದು ನೋಡಿದೆ. ಎಡಗೈಯಾಗ ಎರಡು ಕಲೆ, ಬಲಗೈಯಾಗ ಒಂದು. "ಅತ್ತಿ, ಎಷ್ಟು ಸಲ ಚುಚ್ಚಿದ್ರು?" ಅಂದೆ. "ಮೂರೇ ಸಲ. ಮೂರನೇದ್ದು ಸಿಗಲಾರದ ಆ ಹುಡುಗಿಗೇ ಅಳು ಬಂತು" ಅಂದ್ರು. ನರ ಸಿಗದಿದ್ದಾಗ ಒಂದು ಹಾಳಾಗಿ ಇನ್ನೊಂದು ತಗದಿರಬಹುದು, ಅದಕ್ಕ ಬೈಯಲಾರದ ಕೇಳಿದೆ.

ಸಿಸ್ಟರು ತನ್ನ ವಹಿ ತಗದ್ಲು. ಆವಾಗ ತಿಳೀತು ನೋಡ್ರಿ ಇದು ಹೆಂಗ ನಡೀತೈತಿ ಅಂತ. ವಾರ್ಡಿನವರು ಬೇಕಾಗ್ತೈತಿ ಅಂತ ಔಷಧ ಅಂಗಡಿಗೆ ಜಾಸ್ತಿ ಸಾಮಾನು ಬರದು ಕಳಸ್ತಾರ. ತಂದ ಕೂಡ್ಲೆ ಅದು ರೋಗಿ ಹೆಸರಿಗೆ ಏರ್ತೈತಿ. ಬಳಸದ ಉಳದದ್ದು ವಾಪಸ್ ಹೋಗ್ತೈತಿ, ಅಂಗಡಿಯವರು ಅದನ್ನ ಕಂಪ್ಯೂಟರಿನ್ಯಾಗ ಕಳೀಬೇಕು. ನಮ್ಮ ಮೂರು ಕ್ಯಾನುಲಾ, ಒಂದಿಷ್ಟು ಸಲೈನು ಗುರುವಾರ ರಾತ್ರಿನೇ ವಾಪಸ್ ಹೋಗಿದ್ವು, ವಹಿಯೊಳಗ ಸಹಿನೂ ಇತ್ತು. ಬಿಲ್ಲಿನ್ಯಾಗ ಮಾತ್ರ ಕಳದಿರಲಿಲ್ಲ. 780 ರೂಪಾಯಿ. ಯಾರೂ ಬೇಕಂತ ಮಾಡಿದ್ದಲ್ಲ. ಆದ್ರ ನಾವು ಕೇಳದಿದ್ರ ಯಾರೂ ಕಳೀತಿರಲಿಲ್ಲ. ಔಷಧ ಬಿಲ್ಲು ನೋಡೂವಾಗ ವಾಪಸಿನ ಸಾಲು ಒಂದಾದ್ರೂ ಐತೇನು ನೋಡ್ರಿ. ನಾಕು ದಿನದ ಬಿಲ್ಲಿನ್ಯಾಗ ಒಂದೂ ವಾಪಸ್ ಇಲ್ಲಂದ್ರ ವಾರ್ಡಿನ ವಹಿ ಕೇಳ್ರಿ.

ಒಂದು ಹಾಳಿ ಮ್ಯಾಲೆ ಐದು ಸಾಲು ಬರದೆ. ಪುಟ ಸಂಖ್ಯಾ, ತಾರೀಖು, ಮೊತ್ತ, ಯಾಕ ಅಂತ ಒಂದು ಮಾತು. ಕೌಂಟರಿನ ಹುಡುಗಗ ಏನೂ ಬದಲಸಾಕ ಬರೂದಿಲ್ಲ, ಅವನ ಮ್ಯಾಲೆ ಸಿಟ್ಟಾಗಿ ಉಪಯೋಗಿಲ್ಲ. ಬಿಲ್ಲಿಂಗ್ ಮ್ಯಾನೇಜರ್ ಕಡೆ ಹೋದ್ವಿ. ಅವರು ಸಮಾಧಾನದ ಮನಶ್ಯಾ. ಅನಸ್ತೇಶಿಯಾ, ಕಿಟ್ಟು, ಬುಧವಾರದ ಸಾಮಾನು ನೋಡಿ, "ಪ್ಯಾಕೇಜಿಗೆ ಜೋಡಸೂದು ಬಿಟ್ಟೈತ್ರೀ ಅಕ್ಕಾರ" ಅಂದ್ರು. ಸಿಬಿಸಿ, ವಾಪಸ್ ಸಾಮಾನು ಎರಡಕ್ಕೂ ಫೋನು ಮಾಡಿ ಕೇಳಿ ಒಪ್ಪಿದ್ರು. ದುರ್ಬೀನಿಗೆ ಒಪ್ಪಲಿಲ್ಲ. ನಾನೂ ಬಿಡಲಿಲ್ಲ. ಕಡೀಕ ಅರ್ಧಾ ಬಿಟ್ರು, 2,250.

ಮೊದಲು ಅವರು "ಎಲ್ಲಾ ಸೇರಿ ಹತ್ತು ಸಾವಿರ ಡಿಸ್ಕೌಂಟ್ ಕೊಡ್ತೀನಿ" ಅಂದಿದ್ರು. ನಮ್ಮ ಮನ್ಯಾವ್ರು ಹೂಂ ಅನ್ನಾಕತ್ತಿದ್ರು, ನಾ ಬ್ಯಾಡ ಅಂದೆ. ಡಿಸ್ಕೌಂಟ್ ಅಂದ್ರ ಅವರ ಉಪಕಾರ, ತಪ್ಪು ಸಾಲು ಹಂಗೇ ಉಳೀತೈತಿ. ಆ ಸಾಲುಗೋಳನ್ನ ತಗದು ಹೊಸಾ ಬಿಲ್ಲು ಕೊಡ್ರಿ ಅಂದೆ. ಸಾಲು ಹಿಡದು ಕಳದಾಗ 17,350 ಇಳೀತು. ಹೊಸಾ ಬಿಲ್ಲು 74,290. ಜಾಸ್ತಿ ದಿನದ ರೂಮು, ಕ್ಲಿಪ್ಪು, ಬಯಾಪ್ಸಿ, ವಾರ್ಡಿನ ಔಷಧ ಎಲ್ಲಾ ಹಂಗೇ ಕೊಟ್ವಿ. ಅವು ಖರೇ ಖರ್ಚು.

ಮ್ಯಾನೇಜರ್ ಕೇಳದಿದ್ರ? ಕರ್ನಾಟಕದಾಗ ಖಾಸಗಿ ಆಸ್ಪತ್ರಿಗೋಳಿಗೆ 2007ರ ಕಾಯ್ದೆ ಐತಿ. 2017ರಾಗ ಅದನ್ನ ತಿದ್ದಿ, ದೂರು ಕೇಳಾಕ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರ ಮಾಡ್ಯಾರ. ಅಲ್ಲಿಗೆ ಹೋಗೂದಾದ್ರ ಮೂಲ ಬಿಲ್ಲು, ಅಂದಾಜು ಪತ್ರ, ನೀವು ಬರದು ಕೊಟ್ಟ ಹಾಳಿ ಮೂರೂ ಬೇಕು. ಹಿಂಗಾಗಿ ಕೊಡೂ ಮುಂಚೆ ಫೋನಿನ್ಯಾಗ ಫೋಟೋ ತಕ್ಕೊಳ್ರಿ.

ಇನ್ಶೂರನ್ಸ್ ಇದ್ದವರಿಗೂ ಒಂದು ಮಾತು. ಫೈಲ್ ಚಾರ್ಜು, ಕೈಗೆ ಕಟ್ಟೂ ಹೆಸರಿನ ಪಟ್ಟಿ, ಡಿಸ್ಚಾರ್ಜ್ ಚಾರ್ಜು, ಇಂಥಾವು ರೂಮಿನ ಬಾಡಿಗಿಯೊಳಗ ಸೇರಿದ್ದು ಅಂತ, ಹತ್ತಿ, ಗಾಜು ಬಟ್ಟಿ, ರೇಜರು ಆಪರೇಶನ್ ಖರ್ಚಿನೊಳಗ ಸೇರಿದ್ದು ಅಂತ ವಿಮಾ ನಿಯಂತ್ರಣ ಪ್ರಾಧಿಕಾರದ ಪಟ್ಟಿ ಐತಿ. ಕಂಪನಿಯವರು ಇವನ್ನ ಬ್ಯಾರೆ ಕೊಡೂದಿಲ್ಲ, ಆಸ್ಪತ್ರಿಯವರು ನಿಮ್ಮ ಕಡೆ ಕೇಳ್ತಾರ. ಕೊಡೂ ಮುಂಚೆ "ಇದು ರೂಮಿನೊಳಗ ಬರೂದಿಲ್ಲೇನ್ರಿ?" ಅಂತ ಕೇಳ್ರಿ.

ನಾ ಮಾಡಿದ ತಪ್ಪೂ ಹೇಳ್ತೀನಿ. ಇದನ್ನೆಲ್ಲಾ ಕಡೇ ದಿನ ಮಾಡಿದೆ. ಆಪರೇಶನ್ ಆದ ಮರುದಿನಾನೇ ಅಲ್ಲಿತನಕದ ಬಿಲ್ಲು ಕೇಳಿದ್ರ ಕೊಡ್ತಾರ. ಆವಾಗ ಸಿಸ್ಟರಿಗೂ ನೆನಪಿರ್ತೈತಿ, ನಮಗೂ ಮನೀಗೆ ಹೋಗೂ ಅವಸರ ಇರೂದಿಲ್ಲ.

ಆಟೋದಾಗ ಅತ್ತಿ ಕೇಳಿದ ಮೊದಲನೇ ಮಾತು, "ಅವರು ನಿನ್ನ ಬೈಲಿಲ್ಲೇನವಾ?" ಇಲ್ಲ ಅಂದೆ. ಎಷ್ಟು ಉಳೀತು ಅಂತ ಹೇಳಿದೆ. ಸುಮ್ಮನ ಬಟ್ಟು ಮಡಿಚಿ ಲೆಕ್ಕಾ ಹಾಕಿದ್ರು. ಎಷ್ಟು ರೊಟ್ಟಿ ಅಂತ ನನಗ ಹೇಳಲಿಲ್ಲ.

ಮೊನ್ನೆ ನಮ್ಮ ನಾದಿನಿ ಫೋನು ಮಾಡಿದ್ಲು, ಅವರ ಮನ್ಯಾಗ ಹರ್ನಿಯಾ ಆಪರೇಶನ್ ಐತಿ, ಪ್ಯಾಕೇಜು ಹೇಳ್ಯಾರ ಅಂತ. ನಾ ಮಾತಾಡೂದ್ರೊಳಗ ಅತ್ತಿ ಫೋನು ಕಸಗೊಂಡ್ರು. "ಪ್ಯಾಕೇಜು ಅಂದ್ರಾಗಲಿಲ್ಲವಾ. ಅದರಾಗ ಕ್ಯಾಮರಾ ಐತೇನು ಕೇಳು. ಐತಿ ಅಂದ್ರ ಹಾಳಿ ಮ್ಯಾಲೆ ಬರಸ್ಕೋ."