ಬಲಗಡೆಯಿಂದ ಕಂಡ ಮರ

ಪುಣೆಯ ನಮ್ಮ ಆಫೀಸಿನಲ್ಲಿ ಕಳೆದ ತಿಂಗಳು ಹೊಸಬರ ಇಂಟರ್‌ವ್ಯೂ ನಡೆಯಿತು. ಹುಬ್ಬಳ್ಳಿ ಕಡೆಯ ಹುಡುಗಿಯೊಬ್ಬಳಿಗೆ ನನ್ನ ಹಳೆಯ ಪ್ರಶ್ನೆಯನ್ನೇ ಕೇಳಿದೆ: ಬೈನರಿ ಟ್ರೀಯನ್ನು ಬಲಗಡೆ ನಿಂತು ನೋಡಿದರೆ ಯಾವ ನೋಡ್‌ಗಳು ಕಾಣುತ್ತವೆ?

ಬೋರ್ಡಿನ ಮೇಲಿನ ಮರ ಚಿಕ್ಕದು. ತುದಿಯಲ್ಲಿ 1. ಅದರ ಎಡಕ್ಕೆ 2, ಬಲಕ್ಕೆ 3. 3ಕ್ಕೆ ಮಕ್ಕಳಿಲ್ಲ. 2ರ ಎಡಕ್ಕೆ 4, ಬಲಕ್ಕೆ 5. 4ರ ಎಡಕ್ಕೆ 6.

ಹೆಚ್ಚಿನವರು ಬಲಕ್ಕೆ ಇಳಿಯುತ್ತಾ 1, 3 ಎಂದು ನಿಲ್ಲಿಸಿಬಿಡುತ್ತಾರೆ. ಅದು ತಪ್ಪು. 3ರ ಕೆಳಗೆ ಯಾರೂ ಇಲ್ಲದ್ದರಿಂದ ಹಿಂದಿನವರು ಕಾಣುತ್ತಾರೆ. ಪ್ರತಿ ಹಂತದ ಬಲತುದಿಯವರನ್ನು ಆರಿಸಿದರೆ 1, 3, 5, 6. ಎಡ ಮೂಲೆಯ 6 ಕೂಡ ಕಾಣುತ್ತದೆ, ಏಕೆಂದರೆ ಅದರ ಹಂತದಲ್ಲಿ ಅಡ್ಡ ನಿಲ್ಲುವವರಿಲ್ಲ. ನಾಲ್ಕು ಹಂತವಿದ್ದರೆ ಉತ್ತರದಲ್ಲಿ ನಾಲ್ಕು ನೋಡ್ ಇರಲೇಬೇಕು.

ಅವಳು ಈ ತಪ್ಪು ಮಾಡಲಿಲ್ಲ. ಆದರೆ ನಾನು ಕಾಯುತ್ತಿದ್ದದ್ದು ಕ್ಯೂ ಇಟ್ಟು ಹಂತಹಂತವಾಗಿ ಓದಿ, ಪ್ರತಿ ಹಂತದ ಕೊನೆಯವರನ್ನು ಹಿಡಿಯುವ ಲೆವೆಲ್ ಆರ್ಡರ್‌ಗೆ. ಅವಳು ಬರೆದದ್ದು ಇದು:

```python
def view(n, d, out):
    if not n: return
    if d == len(out): out.append(n.val)
    view(n.right, d+1, out)
    view(n.left, d+1, out)
```

"ಇದು ಒಂದೇ ಕೊಂಬೆ ಹಿಡಿದು ತಳಕ್ಕೆ ಇಳಿಯುತ್ತೆ. ಹಂತದ ಬಲತುದಿ ಯಾರು ಅಂತ ಇದಕ್ಕೆ ಹೇಗಮ್ಮ ಗೊತ್ತಾಗುತ್ತೆ?" ಎಂದೆ.

"ಮೊದಲ ಬಲಕ್ಕ ಹೋಗ್ತೈತ್ರಿ ಸರ್" ಎಂದಳು. ಅಷ್ಟರಲ್ಲಿ ಸಮಯ ಮುಗಿಯಿತು. ನಾನು ಕಡಿಮೆ ಅಂಕ ಹಾಕಿದೆ.

ಮನೆಗೆ ಹೋಗುವಾಗ ಬಸ್ಸಿನಲ್ಲಿ ಆ ಮಾತು ಕಾಡಿತು. ಹಳೆಯ ಬಿಲ್ಲೊಂದರ ಹಿಂದೆ ಅವಳ ಕೋಡನ್ನು ನಡೆಸಿ ನೋಡಿದೆ. ಭೇಟಿಯ ಕ್ರಮ 1, 3, 2, 5, 4, 6. ಕವಲೊಡೆದಲ್ಲೆಲ್ಲ ಬಲಗಡೆ ಪೂರ್ತಿ ಮುಗಿದ ಮೇಲೆಯೇ ಎಡ. ಹಾಗಾಗಿ ಯಾವುದೇ ಹಂತಕ್ಕೆ ಮೊದಲು ತಲುಪುವವರೇ ಅದರ ಬಲತುದಿಯವರು. `d == len(out)` ಕೇಳುವುದೂ ಅದನ್ನೇ: ಈ ಹಂತಕ್ಕೆ ಇನ್ನೂ ಯಾರೂ ಬಂದಿಲ್ಲವೇ? 2 ಮತ್ತು 4 ತಡವಾಗಿ ಬಂದು ಬಿಟ್ಟುಹೋದವು. ಕೊನೆಯ ಎರಡು ಸಾಲು ಅದಲುಬದಲು ಮಾಡಿದರೆ ಕ್ರಮ 1, 2, 4, 6, 5, 3. ಎಡನೋಟ 1, 2, 4, 6.

ಆ `append` ಸಾಲನ್ನು ಎರಡು ಕರೆಗಳ ನಡುವೆ ಇಟ್ಟು, ಅಂದರೆ ಇನ್‌ಆರ್ಡರ್ ಮಾಡಿಯೂ ನೋಡಿದೆ. 3ರ ಸರದಿ 1ಕ್ಕಿಂತ ಮೊದಲು ಬರುತ್ತದೆ. ಆಗ ಪಟ್ಟಿ ಖಾಲಿ, 3ರ ಆಳ 1, ಆದ್ದರಿಂದ ಅದು ತಪ್ಪಿಹೋಗುತ್ತದೆ. 5ರ ಗತಿಯೂ ಅದೇ. ಕೊನೆಗೆ ಸಿಗುವುದು 1, 2, 4, 6. ಬಲನೋಟ ಕೇಳಿದರೆ ಸದ್ದಿಲ್ಲದೆ ಎಡನೋಟ! ತಂದೆ ಮೊದಲು, ಮಕ್ಕಳು ಆಮೇಲೆ ಎಂಬ ಪ್ರೀಆರ್ಡರ್ ಇಲ್ಲಿ ಬೇಕೇ ಬೇಕು.

ಅವಳ ಕೋಡಿಗೂ ಒಂದು ಮಿತಿಯಿದೆ. ಮರ ಹಗ್ಗದಂತೆ ಸಾವಿರ ಹಂತ ಇಳಿದರೆ ಪೈಥಾನ್‌ನ ರಿಕರ್ಷನ್ ಮಿತಿ ಮುಟ್ಟುತ್ತದೆ. ಅಲ್ಲಿ ನನ್ನ ಕ್ಯೂ ವಾಸಿ. ಆದರೆ ನಾನು ಅಂಕ ಕಳೆದದ್ದು ಆ ಕಾರಣಕ್ಕಲ್ಲ.

ಬೆಳಿಗ್ಗೆ ಎಚ್‌ಆರ್‌ಗೆ ಫೋನ್ ಮಾಡಿದೆ. ಹೆಸರು ಆಗಲೇ ಪಟ್ಟಿಯಿಂದ ಹೊರಗಿತ್ತು. "ಉತ್ತರ ಸರಿ, ತಪ್ಪು ನನ್ನದು, ಮತ್ತೊಮ್ಮೆ ಕರೆಸಿ" ಎಂದು ಬಾಸ್‌ಗೂ ಸೇರಿಸಿ ಮೇಲ್ ಬರೆದೆ. ಜೊತೆಗೆ ಆ ಬಿಲ್ಲಿನ ಫೋಟೋ ಲಗತ್ತಿಸಿದೆ.